ಒಂದು ರೂಪಾಯಿ ಸಾಲನೂ ಇಲ್ಲ ಸರ್

‘ಸರ್, ನಿಮ್ಮ ಮೇಲೆ ಒಂದು ರೂಪಾಯಿ ಸಾಲನೂ ಇಲ್ಲ. ಅದಕ್ಕೇ ಮೂರು ಲಕ್ಷ ಪ್ರೀ-ಅಪ್ರೂವ್ಡ್ ಆಗಿದೆ.’ ಸೋಮವಾರ ಫೋನಿನಲ್ಲಿ ಆ ಹುಡುಗಿ ಅಂದದ್ದು ಗುರುವಾರದವರೆಗೂ ಕಿವಿಯಲ್ಲೇ ಇತ್ತು.

ಪೆನ್ಶನ್ ಶುರುವಾದಾಗಿನಿಂದ ಇಂಥ ಫೋನು ತಪ್ಪಿದ್ದಿಲ್ಲ. ನನ್ನ ತಪ್ಪೆಂದರೆ ಬೇಡ ಅನ್ನುವುದಕ್ಕೆ ಕಾರಣ ಹೇಳುತ್ತಿದ್ದೆ. ಮಕ್ಕಳಿಂದ ಕಾರಣ ಕೇಳಿ ಕೇಳಿ ಅಂಟಿದ ಮಾಸ್ತರಿಕೆಯ ಚಟ. ಮನಿ ಕಟ್ಟಿ ಆಗೇತಿ ಅಂದರೆ ‘ರಿಪೇರಿಗೆ ಇರಲಿ ಸರ್’, ಮಗಳ ಮದುವಿ ಮುಗದೇತಿ ಅಂದರೆ ‘ಮೊಮ್ಮಕ್ಕಳಿಗೆ ಸರ್’. ಅವರ ಮುಂದಿನ ಹಾಳೆಯಲ್ಲಿ ಎಲ್ಲದಕ್ಕೂ ಉತ್ತರ ಬರೆದಿರುತ್ತದೆ. ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ, ಹಾಳೆ ಬರೆದವರ ಮೇಲೆ ಇದೆ.

ಈ ಸಲ ಬಡ್ಡಿ ಕೇಳಿದೆ. ‘ನೂರಕ್ಕೆ ತಿಂಗಳಿಗೆ ಒಂದೇ ರೂಪಾಯಿ ಸರ್. ಐದು ವರ್ಷ, ಕಂತು ಎಂಟು ಸಾವಿರ.’ ಕ್ಯಾಲೆಂಡರಿನ ಹಿಂಬದಿ ಲೆಕ್ಕ ಹಾಕಿದೆ. 60 ಕಂತಿಗೆ 4,80,000, ಅದರಲ್ಲಿ ಬಡ್ಡಿಯೇ 1,80,000. ಕೊನೆಯ ತಿಂಗಳು ಅಸಲು ಬರೀ 5,000 ಉಳಿದಿದ್ದರೂ ಬಡ್ಡಿ ಮಾತ್ರ ಪೂರ್ತಿ ಮೂರು ಲಕ್ಷದ್ದು, 3,000. ಉಳಿದ ಅಸಲಿಗಷ್ಟೇ ಬಡ್ಡಿ ಹಿಡಿದು ನೋಡಿದರೆ ಇದೇ ಕಂತು ವರ್ಷಕ್ಕೆ 12 ಅಲ್ಲ, 20 ಪರ್ಸೆಂಟಿನ ಮೇಲೆ ಹೋಗುತ್ತದೆ.

‘ತಂಗಿ, ಖರ್ಚೆಲ್ಲ ಸೇರಿಸಿ ವರ್ಷದ ದರ ಬರದಿರ್ತಾರಲಾ, ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್, ಅದನ್ನ ಮೊದಲ ಕಳಸವಾ.’

‘ನೀವು ಓಕೆ ಅಂದ್ಮೇಲೆ ಬರುತ್ತೆ ಸರ್.’

ಸಹಿಗೆ ಮೊದಲೇ ಕೊಡಬೇಕಾದ ಹಾಳೆ ಅದು.

‘ಬ್ಯಾಡ್ರಿ.’

‘ಯಾಕೆ ಸರ್?’

‘ಬ್ಯಾಡ್ರಿ.’

ಇಷ್ಟೇ ಅನ್ನಲು ನನಗೆ ಮೂರು ವರ್ಷ ಹಿಡಿಯಿತು.

ಆದರೆ ಒಂದು ರೂಪಾಯಿ ಸಾಲನೂ ಇಲ್ಲ ಅಂದಳಲ್ಲ, ಅದು ಸುಳ್ಳು. ಟಿ.ಸಿ.ಎಚ್. ಓದುವಾಗ ಆಗಿನ ಬಿಜಾಪುರದ ಒಂದು ಖಾನಾವಳಿಯಲ್ಲಿ ಎರಡು ಹೊತ್ತು ಉಣ್ಣುತ್ತಿದ್ದೆ, ತಿಂಗಳಿಗೆ 85 ರೂಪಾಯಿ. ಕೊನೆಯ ನಾಲ್ಕು ತಿಂಗಳದ್ದು ಉದ್ರಿ. ಪರೀಕ್ಷೆ ಮುಗಿದ ದಿನ ಖಾನಾವಳಿಯ ಅವ್ವ ಬುತ್ತಿ ಕಟ್ಟಿಕೊಟ್ಟು, ‘ನೌಕರಿ ಹತ್ತಿದ ಮ್ಯಾಲ ಕೊಡಪಾ’ ಅಂದಿದ್ದಳು. ನೌಕರಿ ಹತ್ತಿತು. ಅದೇ ರಸ್ತೆಯಲ್ಲಿ ಎಷ್ಟು ಸಲ ಓಡಾಡಿದೆನೋ, ತಲೆ ತಗ್ಗಿಸಿಕೊಂಡೇ. ಆಕೆ ಒಮ್ಮೆಯೂ ಹೇಳಿ ಕಳಿಸಲಿಲ್ಲ.

ಗುರುವಾರ ಹೋದೆ. ಗಲ್ಲೆಯಲ್ಲಿ ಮಗ ಕೂತಿದ್ದ, ಅವ್ವ ಗೋಡೆಯ ಫೋಟೊದಲ್ಲಿ. ಅವನು ಹಳೆಯ ವಹಿ ತಂದು ತಿರುವಿದ. ‘ನಿಮ್ಮ ಹೆಸರ ಎಲ್ಲೂ ಇಲ್ರೀ ಸರ.’ ಆಕೆ ಬರೆದೇ ಇರಲಿಲ್ಲ.

340ಕ್ಕೆ ಎಷ್ಟು ಬಡ್ಡಿ ಹಚ್ಚುವುದು? ‘ಈಗ ತಿಂಗಳಿಗೆ ಎಷ್ಟ್ ತಗೋತೀಯಪಾ?’ ಅಂತ ಕೇಳಿದೆ. 3,500. ನಾಲ್ಕು ತಿಂಗಳದ್ದು 14,000 ಎಣಿಸಿ ಗಲ್ಲೆಯ ಮೇಲಿಟ್ಟೆ. ಒಲ್ಲೆ ಒಲ್ಲೆ ಅಂದು ಕಡೆಗೆ ತೆಗೆದುಕೊಂಡ. ‘ಉಂಡ ಹೋಗ್ರಿ’ ಅಂದ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಹಿಂಡಿಗೆ ಬೆಳ್ಳುಳ್ಳಿ ಅಷ್ಟೇ ಜಾಸ್ತಿ, ಆಕೆಯ ಕೈಯದೇ.

ಕೈ ತೊಳೆದು ಬಂದಾಗ ಮಗ ಇರಲಿಲ್ಲ, ಗಲ್ಲೆಗೆ ಆಳು ಹುಡುಗ ಕೂತಿದ್ದ. ‘ತೊಂಬತ್ತ್ ರೂಪಾಯಿ ಕಾಕಾ.’ ಕಿಸೆಯಲ್ಲಿ ಅರವತ್ತಿತ್ತು. ಆ ಫೋನುಗಳ ಕಾಟಕ್ಕೆ ಮೊಬೈಲು ಮನೆಯಲ್ಲೇ ಬಿಟ್ಟು ಬಂದಿದ್ದೆ.

‘ಇರ್ಲಿ ಬಿಡ್ರಿ, ನಾಳಿಗಿ ಕೊಡ್ರಿ’ ಅಂದ ಹುಡುಗ.