ಲಾಳಿಕೆ ತಿರುಗಿಸಿ ಹಿಡಿದಿದ್ದೆ

ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ನಾವು ಬರೆದ ಪ್ರಬಂಧ ವಾಪಸ್ ಬಂತು. ಅಂಕಿಗಳ ಬಗ್ಗೆ ವಿಮರ್ಶಕರದ್ದು ತಕರಾರಿರಲಿಲ್ಲ. ಪೀಠಿಕೆ ಪೂರ್ತಿ ಓದಿದರೂ ಈ ಅಧ್ಯಯನ ಯಾಕೆ ಬೇಕಿತ್ತು ಅಂತ ಗೊತ್ತಾಗಲಿಲ್ಲ ಎಂದಿದ್ದರು. ನಾನು ಕೆಮಿಸ್ಟ್ರಿ ಪಾಠ ಮಾಡುವವನು. ಎರಡು ದಿನ ಸಿಟ್ಟಿನಲ್ಲೇ ಕಳೆದೆ.

ಮೂರನೇ ದಿನ ನಮ್ಮ ಕಾಲೇಜಿನ ಭೂವಿಜ್ಞಾನದ ಹಿರಿಯರೊಬ್ಬರು ಪ್ರಿಂಟ್ ನೋಡಿ, "ಪ್ರತಿ ಪ್ಯಾರಾ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಸಾಲು ಬರೀರಿ. ಅದು ಏನು ಹೇಳುತ್ತೆ ಅಂತಲ್ಲ, ಅಲ್ಲಿ ಏನು ಕೆಲಸ ಮಾಡ್ತಿದೆ ಅಂತ" ಎಂದರು.

ಬರೆದೆ. ಮೊದಲ ಪ್ಯಾರಾ: ನೀರು ಜೀವಜಲ. ಎರಡನೆಯದು ಫ್ಲೋರಿನ್ನಿನ ಗುಣಗಳು. ಮೂರು, ಹಲ್ಲು ಮೂಳೆಗಳ ಫ್ಲೋರೋಸಿಸ್. ನಾಲ್ಕು, ತೊಂದರೆ ಇರುವ ರಾಜ್ಯಗಳ ಪಟ್ಟಿ. ಐದು, ಫ್ಲೋರೈಡ್ ಅಳೆಯಲು ಎಲೆಕ್ಟ್ರೋಡ್ ವಿಧಾನ ಒಳ್ಳೆಯದೋ ಬಣ್ಣದ ವಿಧಾನ ಒಳ್ಳೆಯದೋ. ಆರರಲ್ಲಿ ಹಿಂದಿನವರ ಕೆಲಸ, ಒಬ್ಬೊಬ್ಬರಿಗೆ ಒಂದೊಂದು ಸಾಲು, ಹಾಜರಿ ಕೂಗಿದ ಹಾಗೆ. ಏಳನೆಯದು "ಆದ್ದರಿಂದ ಈ ಅಧ್ಯಯನ ಕೈಗೊಳ್ಳಲಾಯಿತು." ಆ "ಆದ್ದರಿಂದ"ಕ್ಕೆ ಮೇಲೆಲ್ಲೂ ಕಾರಣವೇ ಇರಲಿಲ್ಲ! ಪ್ಯಾರಾಗಳನ್ನು ಹಿಂದೆ ಮುಂದೆ ಮಾಡಿದರೂ ಏನೂ ಕೆಡುತ್ತಿರಲಿಲ್ಲ. ಪೀಠಿಕೆಗೆ ದಿಕ್ಕಿಲ್ಲ ಅನ್ನುವುದು ನನಗೆ ಗೊತ್ತಾಗಿದ್ದೇ ಹಾಗೆ.

ಪೀಠಿಕೆ ಲಾಳಿಕೆಯ ಹಾಗಿರಬೇಕು ಅನ್ನುವುದು ಹಳೇ ಮಾತು. ಮೇಲೆ ಅಗಲ, ಕೆಳಗೆ ಸಣ್ಣ ತೂತು. ಜಾನ್ ಸ್ವೇಲ್ಸ್ ಎಂಬ ಭಾಷಾತಜ್ಞರು ಇದನ್ನು ಮೂರು ಹೆಜ್ಜೆಗಳಲ್ಲಿ ಹೇಳಿದ್ದಾರೆ: ಕ್ಷೇತ್ರ ಯಾವುದು, ಅದರಲ್ಲಿ ಖಾಲಿ ಜಾಗ ಎಲ್ಲಿದೆ, ಆ ಜಾಗವನ್ನು ನಾವು ಹೇಗೆ ತುಂಬುತ್ತೇವೆ. ಓದುವವರಿಗೆ ಈ ಕ್ರಮ ಸರಿ. ಬರೆಯುವಾಗ ಮಾತ್ರ ನಾನು ತಳದಿಂದಲೇ ಶುರು ಮಾಡಿದೆ.

ಮೊದಲು ನಮ್ಮ ಕೋಷ್ಟಕಗಳನ್ನು ಎದುರಿಗಿಟ್ಟುಕೊಂಡು ಉದ್ದೇಶ ಬರೆದೆ. "ಅದೇ 36 ಬೋರ್‌ವೆಲ್‌ಗಳ ನೀರನ್ನು ಮಳೆಗೆ ಮುಂಚೆ ಮೇನಲ್ಲಿ, ಮಳೆ ಮುಗಿದ ಮೇಲೆ ನವೆಂಬರ್‌ನಲ್ಲಿ ಪರೀಕ್ಷಿಸಿ, ಎಷ್ಟು ಬೋರ್‌ವೆಲ್‌ಗಳು ಲೀಟರಿಗೆ 1.5 ಮಿಲಿಗ್ರಾಂ ಗೆರೆಯ ಈಚೆಯಿಂದ ಆಚೆ, ಆಚೆಯಿಂದ ಈಚೆ ಹೋಗುತ್ತವೆ ಎಂದು ನೋಡುವುದು." ನಾವು ನಿಜವಾಗಿ ಮಾಡಿದ್ದು ಇಷ್ಟೇ. ಹಳೇ ಪ್ರತಿಯಲ್ಲಿದ್ದ "ನೀರಿನ ಗುಣಮಟ್ಟ ಅರಿಯುವುದು" ಅನ್ನುವ ಸಾಲಿಗೆ ಯಾವ ಪ್ರಬಂಧವನ್ನು ಬೇಕಾದರೂ ಅಂಟಿಸಬಹುದಿತ್ತು.

ಆಮೇಲೆ ಅದರ ಮೇಲಿನ ಪ್ಯಾರಾ, ಅಂದರೆ ಕೊರತೆ. ನಾನು ಜಾಸ್ತಿ ಒದ್ದಾಡಿದ್ದು ಇಲ್ಲಿ. "ನಮ್ಮ ತಾಲ್ಲೂಕಿನಲ್ಲಿ ಯಾರೂ ಈ ಅಧ್ಯಯನ ಮಾಡಿಲ್ಲ" ಎಂದು ಬರೆದಿದ್ದೆ. ಹಿರಿಯರು ನಕ್ಕರು. "ಮಾಡದೇ ಇರೋದು ಸಾವಿರ ಇದೆ. ಮಾಡದಿದ್ದರೆ ಏನು ನಷ್ಟ?" ಅದಕ್ಕೆ ಉತ್ತರ ಹುಡುಕುತ್ತಾ ಆ ಹಾಜರಿ ಪಟ್ಟಿಯನ್ನು ಬಿಚ್ಚಿ, ಯಾರು ಯಾವಾಗ ನೀರು ತೆಗೆದರು ಅಂತ ಗುಂಪು ಮಾಡಿದೆ. ನಮಗೆ ಸಿಕ್ಕ ಪ್ರಬಂಧಗಳಲ್ಲಿ ಹೆಚ್ಚಿನವು ಒಂದೇ ಸಲದ ಮಾದರಿ. ಎರಡು ಸಲ ತೆಗೆದ ಕೆಲವರ ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲ. ಮಳೆ ನೀರು ಸೇರಿ ಫ್ಲೋರೈಡ್ ತೆಳುವಾಗುತ್ತದೆ ಅಂತ ಒಂದು ಕಡೆ, ಮೇಲಿನ ಮಣ್ಣಿನ ಲವಣ ಕರಗಿ ಇಳಿದು ಹೆಚ್ಚುತ್ತದೆ ಅಂತ ಇನ್ನೊಂದು ಕಡೆ. ಹಾಗಾದರೆ ನವೆಂಬರ್‌ನಲ್ಲಿ ಒಮ್ಮೆ ಪರೀಕ್ಷಿಸಿ "ಕುಡಿಯಬಹುದು" ಎಂದ ಬೋರ್‌ವೆಲ್ ಮೇನಲ್ಲೂ ಹಾಗೇ ಇರುತ್ತಾ? ಇದು ಕೊರತೆ. ನಷ್ಟ ಯಾರಿಗೆ ಅಂತಲೂ ಇದರಲ್ಲೇ ಇದೆ.

ಮೇಲಿನ ಎರಡು ಪ್ಯಾರಾ ಬೇಗ ಆದವು. ಒಂದು, ಗ್ರಾನೈಟ್, ನೈಸ್ ಬಂಡೆಗಳಿಂದ ಫ್ಲೋರೈಡ್ ನೀರಿಗೆ ಬರುವ ಬಗೆ. ಕ್ಯಾಲ್ಸಿಯಂ ಕಡಿಮೆ ಇರುವ ಕ್ಷಾರೀಯ ನೀರಿನಲ್ಲಿ ಅದು ಹೆಚ್ಚು ಉಳಿಯುತ್ತದೆ. ಮಳೆ ಬಂದರೆ ಬದಲಾಗಬಹುದು ಅನ್ನುವುದಕ್ಕೆ ಇದು ನೆಲೆ. ಅದಕ್ಕೂ ಮೇಲೆ, ಕುಡಿಯುವ ನೀರಿನ ಭಾರತೀಯ ಮಾನಕ ಫ್ಲೋರೈಡ್ 1.0 ಮೀರಬಾರದು ಎನ್ನುತ್ತದೆ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಬಿಡುತ್ತದೆ ಅನ್ನುವ ಮಾತು. ಪೀಠಿಕೆ ಅಲ್ಲಿಂದಲೇ ಶುರು. ಜೀವಜಲ ಹೋಯಿತು. ಅಷ್ಟು ಅಗಲದ ಬಾಯಿ ನಮ್ಮ 36 ಬೋರ್‌ವೆಲ್‌ಗಳಿಗೆ ಬೇಕಿರಲಿಲ್ಲ. ಎಲೆಕ್ಟ್ರೋಡ್ ಪ್ಯಾರಾ ವಿಧಾನದ ಭಾಗಕ್ಕೆ ಹೋಯಿತು.

ಕೊನೆಗೆ ಒಂದು ಪರೀಕ್ಷೆ ಮಾಡಿದೆ. ಉದ್ದೇಶದಲ್ಲಿರುವ ಮುಖ್ಯ ಪದಗಳಿಗೆ ಗೆರೆ ಎಳೆದು, ಪ್ರತಿಯೊಂದೂ ಮೇಲೆ ಒಮ್ಮೆಯಾದರೂ ಬಂದಿದೆಯಾ ಅಂತ ನೋಡುವುದು. "ಮಳೆ" ಸಿಕ್ಕಿತು, "ಅದೇ ಬೋರ್‌ವೆಲ್" ಸಿಕ್ಕಿತು, "1.5" ಸಿಕ್ಕಿತು. ಜೊತೆಯವರು ಆಸೆಗೆ ಸೇರಿಸಿದ್ದ "ಆಳ" ಮಾತ್ರ ಎಲ್ಲೂ ಇರಲಿಲ್ಲ. ಅದಕ್ಕೆ ಮೇಲೊಂದು ಸಾಲು ಸೇರಿಸೋಣ ಎಂದುಕೊಂಡೆ. ಆದರೆ ಅರ್ಧದಷ್ಟು ಬೋರ್‌ವೆಲ್‌ಗಳ ಆಳ ನಮಗೆ ಗೊತ್ತಿದ್ದದ್ದು ಮಾಲೀಕರ ನೆನಪಿನಿಂದ. "ಸುಮಾರು ಆರುನೂರು ಅಡಿ ಇರ್ಬೇಕು ಸಾರ್." ಆಳವನ್ನು ಉದ್ದೇಶದಿಂದ ತೆಗೆದು ಮತ್ತೆ ಕಳಿಸಿದೆವು.