ಬೆಟ್ಟ ದಿಬ್ಬವಾದ ಬೆಳಗು

ಮಾತಂಗ ಬೆಟ್ಟದ ನೆತ್ತಿಯಲ್ಲಿ ನಿಂತು ನಾನು ತೆಗೆದ ಫೋಟೊ ನೋಡಿ ಅಕ್ಕ, “ಇದೇನೋ, ಬೆಟ್ಟ ಎಲ್ಲ ದಿಬ್ಬ ಆಗೋಯ್ತಲ್ಲ!” ಅಂದಳು. ಹೌದು, ಎದುರಿಗೆ ಇಡೀ ಹಂಪಿ ಹರಡಿಕೊಂಡಿತ್ತು. ಫೋನಿನಲ್ಲಿ ಮಾತ್ರ ಬೂದು ಬಣ್ಣದ ಕಲ್ಲಿನ ರಾಶಿ.

ಸೂರ್ಯ ಆಗಷ್ಟೇ ಹುಟ್ಟಿದ್ದ. ಕೆಳಗೆ ಅಚ್ಯುತರಾಯ ದೇವಸ್ಥಾನ ಇನ್ನೂ ನೆರಳಲ್ಲಿತ್ತು. ಪರದೆಯಲ್ಲಿ ಆಕಾಶವನ್ನು ಮುಟ್ಟಿದರೆ ದೇವಸ್ಥಾನ ಕಪ್ಪಾಗುತ್ತಿತ್ತು, ದೇವಸ್ಥಾನವನ್ನು ಮುಟ್ಟಿದರೆ ಆಕಾಶ ಬೆಳ್ಳಗಾಗುತ್ತಿತ್ತು. ನನ್ನ ಕಣ್ಣಿಗೆ ಎರಡೂ ಚೆನ್ನಾಗಿ ಕಾಣುತ್ತಿದ್ದವು. ಕಾರಣ, ಕಣ್ಣು ಇಡೀ ದೃಶ್ಯವನ್ನು ಒಮ್ಮೆಲೇ ನೋಡುವುದಿಲ್ಲ. ಅದು ನಿಚ್ಚಳವಾಗಿ ನೋಡುವ ಜಾಗ, ಚಾಚಿದ ಕೈಯ ಹೆಬ್ಬೆರಳಿನ ಉಗುರಿನಷ್ಟೇ. ನೋಟ ಆಕಾಶದಿಂದ ಪ್ರಾಕಾರದ ಕಂಬಗಳಿಗೆ ಇಳಿದಾಗ ಅಲ್ಲಿನ ಬೆಳಕಿಗೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಹೀಗೆ ಕಂಡ ತುಣುಕುಗಳನ್ನೆಲ್ಲ ಮಿದುಳು ಹೊಲಿದು ಒಂದಾಗಿಸುತ್ತದೆ. ಫೋನಿನ ಎಚ್‌ಡಿಆರ್ ಕೂಡ ಹಲವು ಚಿತ್ರಗಳನ್ನು ಬೆರೆಸುತ್ತದೆ, ಆದರೆ ನೆರಳನ್ನು ಎತ್ತಿ, ಬೆಳಕನ್ನು ತಗ್ಗಿಸಿ, ಎಲ್ಲವನ್ನೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತರುತ್ತದೆ. ಫೋಟೊ ಸಪ್ಪೆಯಾಗುವುದು ಅಲ್ಲೇ. ನಾನು ಬೆರಳಿಂದ ಬೆಳಕನ್ನು ಸ್ವಲ್ಪ ಕೆಳಗೆಳೆದು, ನೆರಳನ್ನು ನೆರಳಾಗಿಯೇ ಬಿಟ್ಟೆ. ಚಿತ್ರಕ್ಕೆ ಜೀವ ಬಂತು.

ಅಕ್ಕನ ದಿಬ್ಬದ ದೂರಿಗೆ ಕಾರಣ ಬೇರೆ. ಫೋನಿನ ಮುಖ್ಯ ಲೆನ್ಸ್ ಅಡ್ಡಕ್ಕೆ ಸುಮಾರು 70 ಡಿಗ್ರಿ ನೋಟವನ್ನು ಹಿಡಿಯುತ್ತದೆ. ಅಡ್ಡಲಾಗಿ ಹಿಡಿದ 15 ಸೆಂ.ಮೀ. ಪರದೆಯನ್ನು 30 ಸೆಂ.ಮೀ. ದೂರದಿಂದ ನೋಡಿದರೆ ಅದು ನಮ್ಮ ಕಣ್ಣಲ್ಲಿ ತುಂಬುವುದು 28 ಡಿಗ್ರಿ ಮಾತ್ರ. ಅಂದರೆ ಎದುರಿನ ಬೆಟ್ಟ ಅರ್ಧಕ್ಕಿಂತಲೂ ಚಿಕ್ಕದಾಗುತ್ತದೆ. ಅಲ್ಲೇ ಪರೀಕ್ಷಿಸಬಹುದು: ಕೈ ಚಾಚಿ ಹೆಬ್ಬೆರಳನ್ನು ಗೋಪುರದ ಪಕ್ಕ ಹಿಡಿದು ಅಳೆಯಿರಿ, ಆಮೇಲೆ ಅದೇ ಗೋಪುರವನ್ನು ಪರದೆಯಲ್ಲಿ ನೋಡಿ. ಎರಡು-ಮೂರು ಪಟ್ಟು ಜೂಮ್ ಮಾಡಿದಾಗ ಗೋಪುರ ಮತ್ತೆ ತನ್ನ ಗಾತ್ರಕ್ಕೆ ಬಂತು. ಅಕ್ಕಪಕ್ಕದ ಬಯಲು ಹೋಯಿತು, ಹೋಗಲಿ.

ಬಗೆಹರಿಯದೆ ಉಳಿದದ್ದು ಬಂಡೆಗಳು. ಎಲ್ಲವೂ ಒಂದೇ ಬಣ್ಣದ ಕಲ್ಲು. ಎದುರಿಗೆ ನಿಂತಾಗ ಅವು ಬೇರೆ ಬೇರೆಯಾಗಿ ಕಾಣುವುದು ನಾವು ಅಲುಗಾಡುವುದರಿಂದ: ಒಂದು ಹೆಜ್ಜೆ ಪಕ್ಕಕ್ಕಿಟ್ಟರೆ ಹತ್ತಿರದ ಬಂಡೆ ಜಾರುತ್ತದೆ, ಹಿಂದಿನದು ನಿಂತೇ ಇರುತ್ತದೆ. ಹತ್ತಿರದ ಬಂಡೆಗಳ ಆಳವನ್ನು ಎರಡು ಕಣ್ಣುಗಳ ನೋಟದ ವ್ಯತ್ಯಾಸವೂ ಹೇಳುತ್ತದೆ. ಒಂದು ಕಣ್ಣು ಮುಚ್ಚಿ, ತಲೆ ಅಲುಗಿಸದೆ ನೋಡಿದೆ. ಬಂಡೆಗಳು ಒಂದಕ್ಕೊಂದು ಅಂಟಿಕೊಂಡವು, ಥೇಟ್ ಫೋಟೊದ ಹಾಗೆ.

ಇದಕ್ಕೆ ಜೂಮ್ ಮದ್ದಲ್ಲ. ಬಿಸಿಲು ಪಕ್ಕದಿಂದ ಬೀಳುವ ಕಡೆಗೆ ತಿರುಗಿ, ಪ್ರತಿ ಬಂಡೆಯ ನೆರಳು ಹಿಂದಿನ ಬಂಡೆಯ ಮೇಲೆ ಬೀಳುವಲ್ಲಿ ಮತ್ತೆ ತೆಗೆದೆ. ಅದರಲ್ಲಿ ಬಂಡೆಗಳನ್ನು ಒಂದೊಂದಾಗಿ ಎಣಿಸಬಹುದು.