ಕರ್ಣನ ಮುಂಡಾಸನ್ನು ಚಿತ್ರಕಾರರಿಗೆ ವಿವರಿಸಿದ ಬಗೆ

ನಮ್ಮ ಕಚೇರಿಯಲ್ಲಿ ಪೋಸ್ಟರ್‌ಗೆ ಚಿತ್ರ ಬಿಡಿಸುವವರು ಬೇರೆ, ಏನು ಬಿಡಿಸಬೇಕೆಂದು ಬರೆದುಕೊಡುವವರು ಬೇರೆ. ಎರಡನೆಯದು ನನ್ನ ಕೆಲಸ. ಬೆಂಗಳೂರಿನಲ್ಲಿ ನಡೆಯಲಿದ್ದ, ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ‘ಕರ್ಣಪರ್ವ’ ಆಟಕ್ಕೆ ಪೋಸ್ಟರ್ ಬೇಕಿತ್ತು. ಸಂಘಟಕರು ಚಿತ್ರಕಾರರಿಗೆ ನೇರವಾಗಿ ಕಳುಹಿಸಿದ್ದದ್ದು ಒಂದೇ ಸಾಲು: ‘ಕರಾವಳಿಯ ಜಾನಪದ ರಂಗಕಲೆಯ ವೇಷ, ಎತ್ತರದ ಕಿರೀಟ, ಬಣ್ಣ ಬಳಿದ ಮುಖ, ವೀರ ಭಾವ.’ ಚಿತ್ರಕಾರರು ಪುಣೆಯವರು, ಆಟ ನೋಡಿದವರಲ್ಲ. ಅವರಿಂದ ಬಂದ ಮೊದಲ ಕರಡಿನಲ್ಲಿ ಹಸಿರು ಮುಖ, ದವಡೆಯ ಉದ್ದಕ್ಕೂ ಎದ್ದು ನಿಂತ ಬಿಳಿ ಅಂಚು, ಸುತ್ತಲೂ ಉಬ್ಬಿದ ಲಂಗ ಇದ್ದವು. ಅಚ್ಚುಕಟ್ಟಾದ ಕಥಕ್ಕಳಿಯ ಪಚ್ಚ ವೇಷ!

ಅವರನ್ನು ದೂರುವಂತಿಲ್ಲ. ಆ ಸಾಲು ಕಥಕ್ಕಳಿಗೂ ಸಲ್ಲುತ್ತದೆ. ಇನ್ನೂ ಸ್ವಲ್ಪ ಎಳೆದರೆ ತೆಯ್ಯಂಗೂ ಭೂತಕೋಲಕ್ಕೂ ಸಲ್ಲುತ್ತದೆ. ಅವೆರಡು ಆರಾಧನೆಗಳೇ ಹೊರತು ಆಟಗಳಲ್ಲ ಎಂಬುದು ಚಿತ್ರ ಹುಡುಕುವವರಿಗೆ ಗೊತ್ತಾಗುವುದಾದರೂ ಹೇಗೆ? ‘ಯಕ್ಷಗಾನ’ ಎಂದು ಸೇರಿಸಿದ್ದರೂ ಕೆಲಸ ಮುಗಿಯುತ್ತಿರಲಿಲ್ಲ. ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಕರ್ಣ ಕಿರೀಟ ಇಟ್ಟು ಬರುತ್ತಾನೆ, ಬಡಗಿನ ಕರ್ಣ ಮುಂಡಾಸು ಕಟ್ಟಿ ಬರುತ್ತಾನೆ. ಹಾಗಾಗಿ ನನ್ನ ವಿವರಣೆಯ ಮೊದಲ ಸಾಲಿನಲ್ಲಿ ಬಣ್ಣವೂ ಇಲ್ಲ, ಆಕಾರವೂ ಇಲ್ಲ. ‘ಬಡಗುತಿಟ್ಟು ಯಕ್ಷಗಾನ, ಕರ್ಣ, ಯುದ್ಧಕ್ಕೆ ಹೊರಟ ಸಂದರ್ಭ’ ಎಂದಷ್ಟೇ ಇದೆ. ತಿಟ್ಟು ಮತ್ತು ಪಾತ್ರ ಗಟ್ಟಿಯಾದರೆ ಮುಖ, ತಲೆ, ಉಡುಗೆ ಮೂರೂ ಅದರ ಹಿಂದೆಯೇ ಬರುತ್ತವೆ. ಇಲ್ಲಿ ವೇಷ ಕಟ್ಟುವವನ ಇಷ್ಟಕ್ಕಿಂತ ಪಾತ್ರದ ಕಟ್ಟುಪಾಡು ದೊಡ್ಡದು.

ಹೆಚ್ಚು ಸಮಯ ಹಿಡಿದದ್ದು ಮುಂಡಾಸು. ಕುಂದಾಪುರದ ಕಡೆಯ ಹಿರಿಯ ವೇಷಧಾರಿಯೊಬ್ಬರಿಗೆ ಫೋನ್ ಮಾಡಿದಾಗ ಅವರು ಮೊದಲು ಹೇಳಿದ್ದು, “ಅದು ತಲೆಯ ಮೇಲೆ ಇಡುವ ವಸ್ತುವಲ್ಲ ಮಾರಾಯರೇ, ಪ್ರತಿ ರಾತ್ರಿ ಕಟ್ಟುವುದು.” ಚಿತ್ರಕ್ಕೆ ಇದಕ್ಕಿಂತ ಉಪಯುಕ್ತವಾದ ಮಾತು ಬೇರೆ ಸಿಗಲಿಲ್ಲ. ಕಿರೀಟವೆಂದರೆ ಮರದಲ್ಲಿ ಕೆತ್ತಿದ ಗಟ್ಟಿ ವಸ್ತು, ಅದರ ಗೆರೆಗಳು ಚೂಪು. ಮುಂಡಾಸು ಹಾಗಲ್ಲ. ಒಳಗೆ ಆಧಾರಕ್ಕೆ ಅಟ್ಟೆ ಇಟ್ಟು, ಅದರ ಮೇಲೆ ಬಟ್ಟೆಯನ್ನು ಬಿಗಿಯಾಗಿ ಸುತ್ತುತ್ತಾ ಹೋಗುತ್ತಾರೆ, ಕೊನೆಗೆ ಜರಿಯ ಪಟ್ಟಿಗಳನ್ನು ಓರೆಯಾಗಿ ಎಳೆದು ಕಟ್ಟುತ್ತಾರೆ. ಆದ್ದರಿಂದ ಅಂಚು ಎಲ್ಲೂ ಮೊನಚಾಗಿರುವುದಿಲ್ಲ. ಸುತ್ತುಗಳ ನಡುವೆ ಸಣ್ಣ ಉಬ್ಬುತಗ್ಗು ಕಾಣುತ್ತದೆ, ಇಡೀ ರಾಶಿ ಹಣೆಯಿಂದ ತುಸು ಹಿಂದಕ್ಕೆ ವಾಲಿರುತ್ತದೆ. ಎದುರಿನಿಂದ ನೋಡಿದರೆ ತುದಿ ಮೇಲಾಗಿ ಹಿಡಿದ ವೀಳ್ಯದೆಲೆಯ ಆಕಾರ: ಕಿವಿಗಳ ಮೇಲೆ ಮುಖಕ್ಕಿಂತ ಅಗಲವಾಗಿ ಹರಡಿ, ಮೇಲೆ ಹೋದಂತೆ ಕೂಡಿಕೊಳ್ಳುತ್ತದೆ.

ಅಳತೆಯನ್ನು ಅಂಗುಲಗಳಲ್ಲಿ ಬರೆದರೆ ಚಿತ್ರಕಾರರಿಗೆ ಪ್ರಯೋಜನವಿಲ್ಲ. ಅವರಿಗೆ ಬೇಕಿರುವುದು ಪ್ರಮಾಣ. ಮೇಳದವರು ಕಳುಹಿಸಿದ ಒಂದು ಫೋಟೋವನ್ನು ತೆಗೆದುಕೊಂಡು ಗಲ್ಲದಿಂದ ಹಣೆಯವರೆಗಿನ ಮುಖದ ಎತ್ತರವನ್ನು ಒಂದು ಪಾಲು ಎಂದು ಹಿಡಿದು, ಮುಂಡಾಸಿನ ಎತ್ತರ ಮತ್ತು ಅಗಲ ಅದರ ಎಷ್ಟು ಪಾಲು ಎಂದು ಫೋಟೋದ ಮೇಲೆಯೇ ಗೆರೆ ಎಳೆದು ಗುರುತಿಸಿದೆ. ಫೋಟೋ ಕೂಡ ಎದೆಯ ಮಟ್ಟದಿಂದ ತೆಗೆದದ್ದಾಗಿರಬೇಕು. ಆಟದ ಚಿತ್ರಗಳಲ್ಲಿ ಹೆಚ್ಚಿನವು ರಂಗಸ್ಥಳದ ಕೆಳಗೆ ಕುಳಿತು ತೆಗೆದವು. ಅವುಗಳಲ್ಲಿ ಹಿಂದಕ್ಕೆ ವಾಲಿದ ಮುಂಡಾಸು ಮೊಟಕಾಗಿ ಕಾಣುತ್ತದೆ, ಎದೆಕಟ್ಟು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಮುಖದ ವಿಷಯದಲ್ಲಿ ತಕರಾರು ಬಂದದ್ದು ಸಂಘಟಕರಿಂದ. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಒಂದು ಫೋಟೋ ಕಳುಹಿಸಿ, ಇಂಥದೇ ಮುಖ ಬೇಕು, ಇದರಲ್ಲಿ ‘ಪವರ್’ ಇದೆ ಎಂದರು. ಕೆನ್ನೆ, ಹುಬ್ಬಿನ ಸುತ್ತ ಮುಳ್ಳುಮುಳ್ಳಾಗಿ ಎದ್ದ ಬಿಳಿ ಚುಟ್ಟಿ, ನಡುವೆ ಕೆಂಪು ಮತ್ತು ಕಪ್ಪು. ಚೆನ್ನಾಗಿಯೇ ಇತ್ತು. ಆದರೆ ಚುಟ್ಟಿ ಇಡುವುದು ರಾಕ್ಷಸ ಪಾತ್ರಗಳಿಗೆ. ಅಕ್ಕಿಹಿಟ್ಟು ಮತ್ತು ಸುಣ್ಣವನ್ನು ಕಲಸಿ, ಚುಕ್ಕೆಯ ಮೇಲೆ ಚುಕ್ಕೆ ಇಟ್ಟು ಬೆಳೆಸುವ ಆ ಕೆಲಸಕ್ಕೆ ವೇಷ ಕಟ್ಟುವ ಜಾಗವಾದ ಚೌಕಿಯಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ. ಅದನ್ನು ಕರ್ಣನ ಮುಖಕ್ಕೆ ತಂದರೆ ಆಟ ಬಲ್ಲವರು ಪೋಸ್ಟರ್ ನೋಡಿ, ಅಂದು ಘಟೋತ್ಕಚನ ಪ್ರಸಂಗ ಎಂದುಕೊಂಡು ಬರುತ್ತಾರೆ. ಹೀಗೆ ಹೇಳಿದ ಮೇಲೆ ಸಂಘಟಕರು ಒಪ್ಪಿದರು, ಪೂರ್ತಿ ಮನಸ್ಸಿನಿಂದ ಅಲ್ಲ.

ಕರ್ಣನ ಮುಖ ಅದಕ್ಕಿಂತ ಬಹಳ ಸರಳ. ಬಿಳಿ, ಹಳದಿ, ಕೆಂಪು ಪುಡಿಗಳನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿದ, ಹಳದಿಗೆ ತಿರುಗುವ ಗುಲಾಬಿ ಬಣ್ಣ ಮುಖಪೂರ್ತಿ ಇರುತ್ತದೆ. ಕಣ್ಣಿನ ಕಪ್ಪು ಗೆರೆ ಕಿವಿಯ ಕಡೆಗೆ ಉದ್ದವಾಗಿ ಹೋಗುತ್ತದೆ. ಹಣೆಯಲ್ಲಿ ನಾಮ, ತುಟಿಗೆ ಕೆಂಪು, ದಪ್ಪನೆಯ ಕಪ್ಪು ಮೀಸೆ. ಇದನ್ನು ‘ಬಣ್ಣ ಬಳಿದ ಮುಖ’ ಎಂದರೆ ಓದಿದವರು ಮುಖವಾಡವನ್ನೇ ಕಲ್ಪಿಸಿಕೊಳ್ಳುತ್ತಾರೆ. ಹಾಗಾಗಿ ‘ಬಣ್ಣದ ಕೆಳಗೆ ಮನುಷ್ಯನ ಚರ್ಮ, ಹುಬ್ಬಿನ ಚಲನೆ ಕಾಣಬೇಕು’ ಎಂದು ಬರೆದೆ. ವೀರ ಭಾವ ಅಲ್ಲಿಂದ ಬರಬೇಕೇ ಹೊರತು ಬಣ್ಣದ ದಪ್ಪದಿಂದಲ್ಲ.

ಉಳಿದದ್ದನ್ನು ಮೇಲಿನಿಂದ ಕೆಳಕ್ಕೆ, ಯಾವುದರ ಮೇಲೆ ಯಾವುದು ಕೂರುತ್ತದೆ ಎಂಬ ಕ್ರಮದಲ್ಲಿ ಬರೆದೆ. ಕೊನೆಗೆ ಚಿತ್ರಕಾರರಿಗೆ ಹೋದ ಆ ಭಾಗ ಇಷ್ಟು:

‘ಮುಂಡಾಸಿನ ತುದಿಯಲ್ಲಿ ತುರಾಯಿ. ಮುಂಡಾಸು ಮತ್ತು ಮುಖ ಸೇರುವಲ್ಲಿ ಎರಡೂ ಬದಿ ಕಿವಿಯ ಆಭರಣವಾದ ಕರ್ಣಪತ್ರ. ಮೈಗೆ ತುಂಬುತೋಳಿನ ದಗಲೆ. ದಗಲೆಯ ಮೇಲೆ ಎದೆಕಟ್ಟು, ಹೆಗಲಿನಲ್ಲಿ ಹೊರಕ್ಕೆ ಚಾಚಿದ ಭುಜಕೀರ್ತಿ, ಮುಂಗೈಗೆ ಕೈಕಟ್ಟು. ಇವೆಲ್ಲ ಹಗುರವಾದ ಮರದವು, ಮೇಲೆ ಚಿನ್ನದ ಬಣ್ಣದ ಬೇಗಡೆ, ನಡುನಡುವೆ ಕನ್ನಡಿ ಚೂರು. ಲೋಹದ ಕವಚದಂತೆ ಕಾಣಬಾರದು. ಸೊಂಟದಿಂದ ಕೆಳಗೆ ದೊಡ್ಡ ಚೌಕಳಿಯ ಕಸೆ ಸೀರೆ, ಕಚ್ಚೆ ಹಾಕಿ ಉಟ್ಟದ್ದು. ಲಂಗ ಅಲ್ಲ. ಕಾಲಿಗೆ ಗೆಜ್ಜೆ. ಕೈಯಲ್ಲಿ ಬಿಲ್ಲು.’

ದಗಲೆಯ ಬಣ್ಣವನ್ನು ಮಾತ್ರ ನಾನು ಊಹಿಸಲಿಲ್ಲ. ಕೆಂಪು, ಹಸಿರು, ಕಪ್ಪು ಮೂರೂ ಬಳಕೆಯಲ್ಲಿವೆ. ಆ ರಾತ್ರಿ ಆ ಕಲಾವಿದರು ಯಾವುದನ್ನು ಹಾಕುತ್ತಾರೆಂದು ಮೇಳದವರನ್ನೇ ಕೇಳಿದೆ, ಹಸಿರು ಎಂದರು. ಹಾಗೆಯೇ ಬಣ್ಣದ ಮಾದರಿಗೆ ರಂಗಸ್ಥಳದ ಫೋಟೋ ಕೊಡಲಿಲ್ಲ. ಹಳದಿ ದೀಪದ ಕೆಳಗೆ ಗುಲಾಬಿ ಮುಖ ಕಿತ್ತಳೆಯಾಗುತ್ತದೆ, ಹಸಿರು ಕಪ್ಪಿಗೆ ತಿರುಗುತ್ತದೆ. ವೇಷದ ಪೆಟ್ಟಿಗೆಯನ್ನು ಹಗಲಿನಲ್ಲಿ ಬಿಚ್ಚಿ, ಬಟ್ಟೆಗಳನ್ನು ನೆರಳಿನಲ್ಲಿ ಹರಡಿ ಫೋಟೋ ತೆಗೆದು ಕಳುಹಿಸಿ ಎಂದು ಬೇಡಿಕೊಂಡೆ. ಬಿಡುವಿಲ್ಲದ ತಿರುಗಾಟದ ನಡುವೆಯೂ ಕಳುಹಿಸಿದರು.

ಎರಡನೆಯ ಕರಡು ಬಂದಾಗ ಅದನ್ನು ಪೂರ್ತಿ ಕಪ್ಪು ನೆರಳಾಗಿ ಮಾಡಿ, ಹೆಬ್ಬೆರಳಿನಷ್ಟು ಚಿಕ್ಕದಾಗಿಸಿ ನೋಡಿದೆ. ಯಾವ ವೇಷ ಎಂಬುದು ಆಗಲೂ ತಿಳಿಯಬೇಕು, ಏಕೆಂದರೆ ಈಗ ಪೋಸ್ಟರ್ ಗೋಡೆಗಿಂತ ಹೆಚ್ಚಾಗಿ ಮೊಬೈಲಿನಲ್ಲೇ ಕಾಣುತ್ತದೆ. ಮುಂಡಾಸು, ಭುಜಕೀರ್ತಿಗಳ ಹೊರಗೆರೆ ಸರಿಯಾಗಿತ್ತು. ಜರಿಯ ಪಟ್ಟಿಗಳು ಮಾತ್ರ ತೀರಾ ಸಣ್ಣವಾಗಿ, ಚಿಕ್ಕದಾಗಿಸಿದಾಗ ಬೂದು ಮಚ್ಚೆಯಾಗುತ್ತಿದ್ದವು. ಇಲ್ಲಿ ನಿಖರತೆಯನ್ನು ಸ್ವಲ್ಪ ಬಿಟ್ಟುಕೊಟ್ಟೆವು: ಪಟ್ಟಿಗಳ ಸಂಖ್ಯೆ ಕಡಿಮೆ ಮಾಡಿ, ಅಗಲ ಹೆಚ್ಚಿಸಿ, ಓರೆಯನ್ನು ಹಾಗೇ ಉಳಿಸಿದೆವು. ವೇಷಧಾರಿಗೆ ತೋರಿಸಿದಾಗ ಅವರು ಅದನ್ನು ಗಮನಿಸಿದರು, ಅಡ್ಡಿಯಿಲ್ಲ ಎಂದರು.

ಕೊನೆಯ ಜಗ್ಗಾಟ ಅಕ್ಷರಗಳದ್ದು. ಪ್ರಾಯೋಜಕರ ಹೆಸರು ಮೇಲ್ತುದಿಯಲ್ಲೇ ಇರಬೇಕೆಂದು ಹಟ ಹಿಡಿದರು, ಅದು ನೇರವಾಗಿ ತುರಾಯಿಯ ಮೇಲೆ ಬರುತ್ತಿತ್ತು. ಚಿತ್ರವನ್ನು ಕುಗ್ಗಿಸಿದರೆ ಮುಖ ಕಾಣದು. ಮೊಣಕಾಲಿನ ಕೆಳಗೆ ಕತ್ತರಿಸಿ, ಹೆಸರುಗಳನ್ನೆಲ್ಲ ಅಲ್ಲಿಗೆ ಇಳಿಸಿದೆವು. ಗೆಜ್ಜೆ ಹೋಯಿತು, ಕಸೆಯ ಚೌಕಳಿ ಉಳಿಯಿತು.